ಲೆಕ್ಕದ ಪರೀಕ್ಷೆ ಸೋಮವಾರಕ್ಕೆ ಹೋದದ್ದು

ನಮ್ಮ ಹೆಡ್ಮಾಸ್ಟ್ರಿಗೆ ಕಾರಣ ಹೇಳುವ ಚಟ. ಶಾಲೆಗೆ ಅರ್ಧ ದಿನ ರಜೆ ಕೊಟ್ಟರೂ ಯಾಕೆ ಕೊಟ್ಟೆ ಎಂದು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ವಿವರಿಸುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಅವರ ಒಳ್ಳೆಯತನಕ್ಕೆ ನೀರು ಹೊರುತ್ತಿದ್ದವರು ನಾವು ಟೀಚರುಗಳು.

ಆಗ ನಮ್ಮ ಊರುಗಳೆಲ್ಲ ಮದರಾಸು ಸರಕಾರದ ಕೈಯಲ್ಲಿದ್ದವು. ಮೊಗ್ರಾಲು ಹೊಳೆಯ ಹತ್ತಿರ, ಹೊಯಿಗೆಯ, ಎಂದರೆ ಮರಳಿನ, ಮೇಲೆ ಕಟ್ಟಿದ ಒಂದು ಶಾಲೆ. ವಾರ್ಷಿಕ ಪರೀಕ್ಷೆ ಗುರುವಾರ ಶುರುವಾಗುವುದೆಂದು ಮೊದಲೇ ಬೋರ್ಡಿನಲ್ಲಿ ಬರೆದಾಗಿತ್ತು. ಅಷ್ಟರಲ್ಲಿ ಸಿಡುಬು ಬಾರದಂತೆ ಕೈಗೆ ಚುಚ್ಚಿ ದೇವಿ ಹಾಕುವವರಿಂದ ಸುದ್ದಿ ಬಂತು: ಗುರುವಾರ, ಶುಕ್ರವಾರ ಅವರಿಗೆ ಶಾಲೆಯ ಹಾಲ್ ಬೇಕು. ನಮ್ಮಲ್ಲಿ ಹಾಲ್ ಎಂದರೆ ಇದ್ದದ್ದು ಒಂದೇ. ಅದರಲ್ಲೇ ಮೂರು ಕ್ಲಾಸು, ಅದರಲ್ಲೇ ಪರೀಕ್ಷೆ. ಹೆಡ್ಮಾಸ್ಟ್ರು ಪರೀಕ್ಷೆ ಮುಂದೆ ಹಾಕಿ, ಪೋಷಕರಿಗೆ ಕಾಗದ ಬರೆಯಲು ಕೂತರು.

"ಈ ಮೊದಲು ತಿಳಿಸಿದ ವೇಳಾಪಟ್ಟಿಯನ್ನು ಬದಲಿಸಿದ್ದೇವೆ. ಗುರುವಾರದ ಲೆಕ್ಕ ಸೋಮವಾರಕ್ಕೆ, ಶುಕ್ರವಾರದ ಕನ್ನಡ ಮಂಗಳವಾರಕ್ಕೆ" ಎಂಬಲ್ಲಿಗೆ ಸಂಗತಿ ಮುಗಿದಿತ್ತು. ಅವರು ಮುಗಿಸಲಿಲ್ಲ. ದೇವಿ ಹಾಕುವವರು ಬರುವುದು, ಹಾಲ್ ಬಿಟ್ಟುಕೊಡುವುದು, ಅದು ಊರಿಗೆ ಎಷ್ಟು ಅಗತ್ಯ, ಕೈ ಊದಿದರೆ ಹೆದರಬಾರದು ಎಂಬುದು, ಎಲ್ಲ ಬಂತು. ಮಗ್ಗುಲಲ್ಲಿ ಕೂತು ಪ್ರತಿಗಳನ್ನು ಬರೆದವಳು ನಾನು. ಬರೆದೂ ಬರೆದೂ ನನ್ನ ಬೆರಳು ಸೆಟೆದುಕೊಂಡಿತು.

"ಇಷ್ಟೆಲ್ಲ ಯಾಕೆ ಸರ್? ದಿನ ಮಾತ್ರ ಹೇಳಿದರೆ ಸಾಲದಾ?" ಎಂದೆ.

"ಕಾರಣ ಹೇಳದೆ ಬದಲಿಸಿದರೆ ಅವರಿಗೆ ನಮ್ಮ ಮೇಲೆ ವಿಶ್ವಾಸ ಬರುವುದು ಹೇಗೆ ಟೀಚರ್?"

ಮಂಗಳವಾರ ಸಂಜೆ ಕಾಗದಗಳು ಮಕ್ಕಳ ಕೈಯಲ್ಲಿ ಮನೆಗೆ ಹೋದವು. ಹೆಚ್ಚಿನ ಮನೆಗಳಲ್ಲಿ ಓದಲು ಬರುತ್ತಿದ್ದದ್ದು ಆ ಮಕ್ಕಳಿಗೆ ಮಾತ್ರ. ಮಕ್ಕಳು ಲೆಕ್ಕ, ಕನ್ನಡ, ಸೋಮವಾರ, ಮಂಗಳವಾರಗಳನ್ನೆಲ್ಲ ಹಾರಿಸಿ, ದೇವಿ ಹಾಕುವವರು ಬರುತ್ತಾರೆ ಎಂಬ ಒಂದೇ ಮಾತನ್ನು ಓದಿರಬೇಕು. ಬುಧವಾರ ಶಾಲೆ ಖಾಲಿ. ದೇವಿ ಹಾಕುವವರು ಗುರುವಾರ ಬಂದರು, ಶುಕ್ರವಾರವೂ ಬಂದರು. ಜೊತೆಗೆ ಪಟೇಲರು ಕಳಿಸಿದ ಅವರ ಜವಾನ, ಉಗ್ರಾಣಿ. ಮಧ್ಯಾಹ್ನದವರೆಗೆ ಆಕಳಿಸಿ, ನಮ್ಮ ಕೈಯಿಂದಲೇ ನೀರು ಕುಡಿದು ಹೋದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ವರ್ಷವಿಡೀ ಕೂಗಿ ಕಲಿಸಿದ ಮಕ್ಕಳು ಪರೀಕ್ಷೆಗೆ ಬಾರದೆ ಹೋಗುತ್ತಾರಲ್ಲ ಎಂದು ಸಂಕಟವಾಯಿತು.

ಹೆಡ್ಮಾಸ್ಟ್ರು ಎರಡನೆಯ ಕಾಗದ ಬರೆದರು. ಅದರಲ್ಲಿ ಕಾರಣದ ಸುಳಿವೇ ಇಲ್ಲ. "ಸೋಮವಾರ ಲೆಕ್ಕ, ಮಂಗಳವಾರ ಕನ್ನಡ. ತಪ್ಪದೆ ಕಳಿಸತಕ್ಕದ್ದು." ಅದನ್ನು ಬರೆಯುವಾಗ ಅವರ ಮುಖ ಕಹಿ ಮದ್ದು ಕುಡಿದವರ ಹಾಗಿತ್ತು. ಮಕ್ಕಳೇ ಇಲ್ಲದ ಮೇಲೆ ಕಾಗದ ಒಯ್ಯುವವರು ಯಾರು? ಶನಿವಾರ ನಾನು ಕಾಲೆಳೆದುಕೊಂಡು ಹೊಯಿಗೆಯಲ್ಲಿ ಮನೆಮನೆ ಸುತ್ತಿದೆ. ತಮಾಷೆಯೆಂದರೆ ಆ ಗದರಿಕೆಯ ಕಾಗದಕ್ಕೆ ಎಲ್ಲರೂ ತಲೆಯಾಡಿಸಿದರು. ವಿಶ್ವಾಸಕ್ಕಿಂತ ಹೆದರಿಕೆ ಅವರಿಗೆ ಅಭ್ಯಾಸವಾಗಿತ್ತೋ ಏನೋ.

ಒಪ್ಪದೆ ನಿಂತವರು ಒಬ್ಬರೇ, ಮೀನು ಮಾರುವ ಒಬ್ಬ ಅಜ್ಜಿ. ಅವರ ಮೊಮ್ಮಗಳು ನನ್ನ ಐದನೆಯ ಕ್ಲಾಸಿನಲ್ಲಿದ್ದಳು. ಲೆಕ್ಕದಲ್ಲಿ ಅವಳಷ್ಟು ಚುರುಕಾದ ಹುಡುಗಿ ನನಗೆ ಆಮೇಲೆ ಸಿಕ್ಕಿದ್ದು ಕಡಿಮೆ. ಪಾಸಾದರೆ ಆರನೆಯದಕ್ಕೆ, ಇಲ್ಲದಿದ್ದರೆ ಹಗ್ಗ ಹೊಸೆಯಲು ಎಂದು ಅಜ್ಜಿ ಮೊದಲೇ ತೀರ್ಮಾನಿಸಿದ್ದರು. ಹುಡುಗಿ ಒಳಗೆ ತೆಂಗಿನ ನಾರು ಬಿಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಮೊದಲಿನ ಕಾಗದದಲ್ಲಿ ದೇವಿ ಹಾಕುವವರು ಇದ್ದರಲ್ಲ ಟೀಚರೇ, ಇದರಲ್ಲಿ ಎಲ್ಲಿ ಹೋದರು?" ಅಜ್ಜಿ ಕೇಳಿದರು. ನಾವು ಆಡಿದ್ದು ತುಳುವಿನಲ್ಲಿ.

"ಅವರು ಬಂದು ಹೋದರು ಅಜ್ಜೀ."

"ಇವಳ ಅಣ್ಣನಿಗೆ ದೇವಿ ಹಾಕಿದ ಕೈ ಕೊಳೆಯಿತು. ಜ್ವರದಲ್ಲೇ ಹೋದ. ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. "ಸೋಮವಾರ ಅವರು ಬರುವುದಿಲ್ಲ. ನಾನು ಹೇಳ್ತೇನೆ" ಎಂದೆ. ನಂಬಿಯೇ ಹೇಳಿದೆ.

"ನೀವು ಹೇಳಿದರೆ ಕಳಿಸ್ತೇನೆ. ಕಾಗದ ಹೇಳಿದ್ದಕ್ಕಲ್ಲ."

ಸೋಮವಾರ ಹಾಲ್ ತುಂಬಿತು. ಬೋರ್ಡಿನಲ್ಲಿ ಲೆಕ್ಕಗಳನ್ನು ಬರೆದು ತಿರುಗಿದಾಗ, ಜಗಲಿಯಲ್ಲಿ ಚೀಲ ಇಳಿಸುತ್ತಿದ್ದ ದೇವಿ ಹಾಕುವವರು ಕಂಡರು. ಗುರುವಾರ, ಶುಕ್ರವಾರ ಯಾರೂ ಸಿಗದ ಮೇಲೆ, ಮಕ್ಕಳೆಲ್ಲ ಒಟ್ಟಿಗೆ ಸಿಗುವ ದಿನ ಯಾವುದೆಂದು ಉಗ್ರಾಣಿ ಹುಡುಕಿಕೊಂಡಿದ್ದ. ನಮ್ಮ ಎರಡನೆಯ ಕಾಗದದಲ್ಲಿ ದಿನ ಸ್ಪಷ್ಟವಾಗಿಯೇ ಇತ್ತಲ್ಲ.

ಹೆಡ್ಮಾಸ್ಟ್ರು ಹೊರಗೆ ಹೋಗಿ ಕೈಮುಗಿದು ಏನೋ ಹೇಳಿದರು. ಗಂಟೆ ಹೊಡೆಯುವ ತನಕ ಒಳಗೆ ಬರಬಾರದೆಂದಿರಬೇಕು. ದೇವಿ ಹಾಕುವವರು ಬೆಂಚಿನಲ್ಲಿ ಕೂತರು. ಹಿಂದಿನ ಸಾಲಿನ ಇಬ್ಬರು ಹುಡುಗರು ಕಿಟಕಿ ಹಾರಿ ಓಡಿದರು. ಅದೇ ಹೊತ್ತಿಗೆ ಅಂಗಳದಲ್ಲಿ ಕಾದಿದ್ದ ಅಜ್ಜಿ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಬಂದರು. ಬೊಬ್ಬೆ ಹಾಕಲಿಲ್ಲ. ನನ್ನ ಮುಖವನ್ನು ನೋಡಿದರು, ಅಷ್ಟೇ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಬಾ" ಎಂದು ಮೊಮ್ಮಗಳ ಭುಜ ಹಿಡಿದರು.

ಹುಡುಗಿ ಪೆನ್ಸಿಲ್ ಬಿಡಲಿಲ್ಲ. "ಎರಡು ಲೆಕ್ಕ ಬಾಕಿ ಉಂಟು ಅಜ್ಜೀ."

ಅಜ್ಜಿ ಒಮ್ಮೆ ಜಗಲಿಯತ್ತ, ಒಮ್ಮೆ ಮೊಮ್ಮಗಳ ಕಾಗದದತ್ತ ನೋಡಿದರು. ಆಮೇಲೆ ಹೋಗಿ ಬಾಗಿಲ ಹೊಸ್ತಿಲಿನಲ್ಲೇ ಕಾಲು ನೀಡಿ ಕೂತುಬಿಟ್ಟರು, ಬೆನ್ನು ನಮ್ಮ ಕಡೆಗೆ, ಮುಖ ದೇವಿ ಹಾಕುವವರ ಕಡೆಗೆ. ಜಗಲಿಯಿಂದ ಒಳಗೆ ಹೋಗಬೇಕಾದರೆ ಅವರನ್ನು ದಾಟಬೇಕು. ಉಗ್ರಾಣಿ ಎದ್ದು ನಿಂತು ಗುರುಗುಟ್ಟಿದ. ಅಜ್ಜಿ ಎಲೆ ಅಡಿಕೆಯ ಚೀಲ ಬಿಚ್ಚಿದರು. ಹಾಲ್‌ನಲ್ಲಿ ಪೆನ್ಸಿಲಿನ ಸದ್ದು ಮಾತ್ರ. ಆ ಪರೀಕ್ಷೆಯಷ್ಟು ನಿಶ್ಶಬ್ದವಾದ ಪರೀಕ್ಷೆಯನ್ನು ನಾನು ಮತ್ತೆ ನಡೆಸಿಲ್ಲ.

ಹುಡುಗಿ ಬರೆದು ಮುಗಿಸಿ ಕಾಗದ ನನ್ನ ಕೈಗೆ ಕೊಟ್ಟಳು. ಅಜ್ಜಿ ಎದ್ದು ಅವಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿಂದಿನ ಬಾಗಿಲಿನಿಂದ ನಡೆದರು. ಹೆಡ್ಮಾಸ್ಟ್ರು ಕಂಡೂ ಕಾಣದವರ ಹಾಗೆ ಗಡಿಯಾರ ನೋಡುತ್ತಿದ್ದರು. ಉಳಿದ ಮಕ್ಕಳಿಗೆ ಗಂಟೆ ಹೊಡೆದ ಮೇಲೆ ದೇವಿ ಹಾಕಿದರು, ಸಂಜೆಯವರೆಗೂ ಅಳು. ಮರುದಿನ ಕನ್ನಡ ಪರೀಕ್ಷೆಗೆ ಆ ಹುಡುಗಿ ಬಂದಳು. ಅಜ್ಜಿಯೂ ಬಂದು ಅದೇ ಹೊಸ್ತಿಲಿನಲ್ಲಿ ಕೂತರು. ನನ್ನ ಜೊತೆ ಮಾತಾಡಲಿಲ್ಲ.

ಪಾಸಾದವರ ಮನೆಗೆ ಕಾಗದ ಕಳಿಸುವ ಹೊತ್ತು ಬಂದಾಗ ಹೆಡ್ಮಾಸ್ಟ್ರು ಪೆನ್ನು ಹಿಡಿದು ಬಹಳ ಹೊತ್ತು ಕೂತರು. "ಇದರಲ್ಲಿ ಕಾರಣ ಹಾಕಲಾ, ಬೇಡವಾ?" ಎಂದು ನನ್ನನ್ನೇ ಕೇಳಿದರು. ಅಜ್ಜಿಯ ಮನೆಗೆ ಮಾತ್ರ ಬರಿಗೈಯಲ್ಲಿ ನಾನೇ ಹೋದೆ.

ಅವರು ಅಂಗಳದಲ್ಲಿ ಮೀನು ಒಣಗಿಸುತ್ತಿದ್ದರು. ನಾನು ಹತ್ತಿರ ಹೋಗುವ ಮೊದಲೇ, "ಕಾಗದ ಉಂಟಾ?" ಎಂದರು.

"ಇಲ್ಲ ಅಜ್ಜೀ. ಬಾಯಲ್ಲಿ ಹೇಳಲು ಬಂದೆ. ಪಾಸಾಗಿದ್ದಾಳೆ. ಲೆಕ್ಕ ಒಂದೂ ತಪ್ಪಿಲ್ಲ."

ಅಜ್ಜಿ ಒಂದು ಮೀನನ್ನು ಮಗುಚಿ ಹಾಕಿದರು. "ಅದಕ್ಕೆ ನೀವು ಹೇಳಬೇಕಾ? ಅಷ್ಟು ಹೊತ್ತು ಬಾಗಿಲಲ್ಲಿ ಕೂತವಳು ನಾನಲ್ಲವಾ?" ಎಂದರು. ಇನ್ನೊಂದು ಮೀನು ಮಗುಚುತ್ತ, ನನ್ನ ಮುಖ ನೋಡದೆ, "ಶಾಲೆ ತೆರೆದಾಗ ಕಳಿಸ್ತೇನೆ. ನಾನೂ ಬರ್ತೇನೆ" ಎಂದರು.