ಪೊಟ್ಟಣಕ್ಕೆ ಕೊಸರು
ಅರವತ್ತರ ದಶಕ. ಅಮೆರಿಕದ ಅಂಗಡಿಗಳಲ್ಲಿ ಗಿರಾಕಿಗಳೇ ಸಾಮಾನು ಎತ್ತಿಕೊಳ್ಳುತ್ತಾರೆಂದು ಪತ್ರಿಕೆಯಲ್ಲಿ ಓದಿ, ಗುಬ್ಬಿಯ ನನ್ನ ದಿನಸಿ ಅಂಗಡಿಯ ತಕ್ಕಡಿಯನ್ನು ಅಟ್ಟಕ್ಕೇರಿಸಿದೆ. ಬೇಳೆ, ಸಕ್ಕರೆಯನ್ನೆಲ್ಲ ಒಂದೊಂದು ಕಿಲೋ ಪೊಟ್ಟಣ ಕಟ್ಟಿ ಜೋಡಿಸಿದೆ. ಬಂದವರು ಯಾರೂ ಮುಟ್ಟಲಿಲ್ಲ. ನನಗೆ ರೇಗಿತು. ಹಳೆಯ ಗಿರಾಕಿ ಅಜ್ಜಿಯೊಬ್ಬರನ್ನು ಕೇಳಿಯೇಬಿಟ್ಟೆ.

"ಬೇಳೆ ಕಚ್ಚಿ ನೋಡ್ದೆ ಹೆಂಗಪ್ಪಾ ತಗೊಳ್ಳೋದು? ನಮ್ಗೆ ಬೇಕಿರೋದು ಕಾಲು ಕಿಲೋ. ಮೇಲೆ ಕೊಸರೂ ಇಲ್ಲ!"

ತೂಕದ ಮೇಲೆ ಹಾಕುವ ಆ ಒಂದು ಹಿಡಿಯನ್ನು ನಾನು ಮರೆತೇಬಿಟ್ಟಿದ್ದೆ. ಮರುದಿನವೇ ಕಾಲು ಕಿಲೋ ಪೊಟ್ಟಣ ಕಟ್ಟಿ, ಮುಂದೆ ಕಚ್ಚಿ ನೋಡಲು ಬಟ್ಟಲಲ್ಲಿ ಬೇಳೆ ಇಟ್ಟೆ. ಬಾಗಿಲ ಬಳಿ ಕೊಸರಿಗೆಂದು ಕರಿಬೇವಿನ ಬುಟ್ಟಿ. ಅಜ್ಜಿ ಬೇಳೆ ಕಚ್ಚಿದರು, ತಾವೇ ಪೊಟ್ಟಣ ಎತ್ತಿಕೊಂಡರು. ಆಮೇಲೆ, ನಾನು ಕೊಟ್ಟ ಕರಿಬೇವು ಸಾಲದೆಂದು ಬುಟ್ಟಿಗೂ ತಾವೇ ಕೈ ಹಾಕಿದರು.