ಚಿಗವ್ವನ ಬಲಗಿವಿಯ ಗಂಟು

1978ರ ಬೇಸಿಗೆಯಲ್ಲಿ, ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನನ್ನ ಕಾಕಾನ ಹೆಂಡತಿ, ಚಿಗವ್ವ, ಎರಡೂ ಕಿವಿಗಳ ಮೇಲಂಚಿಗೆ ತೂತು ಹಾಕಿಸಿಕೊಂಡಳು. ಚುಚ್ಚಿದವರು ನಮ್ಮ ಓಣಿಯ ಅಕ್ಕಸಾಲಿ ಪತ್ತಾರರು. ಉದ್ದೇಶ, ಅಪ್ಪನ ತಾಯಿ ಆಯಿಯ ಬುಗುಡಿಯನ್ನು ಆ ತೂತುಗಳಿಗೆ ಹಾಕಿಕೊಳ್ಳುವುದು. ಹಿರಿಯ ಸೊಸೆಯಾದ ನನ್ನ ಅವ್ವನಿಗೆ ಆಯಿ ಮೊದಲೇ ಸರ ಕೊಟ್ಟಿದ್ದಳು. ಬುಗುಡಿಯನ್ನು ಕಿರಿಯವಳಿಗೆ ಕೊಡುವುದಾಗಿ ಹೇಳಿ, ಒಂದು ಷರತ್ತು ಹಾಕಿದ್ದಳು: "ಇಟಗೊಂಡ್ರ ನಿನ್ನವು. ಪೆಟ್ಟಿಗ್ಯಾಗ ಇಟ್ರ ಹಿರಿಯಾಕಿಗೆ ಕೊಡ್ತೇನಿ."

ಹಿರಿಯಾಕಿಯ ಕಿವಿಗೆ ಸಣ್ಣಂದಿನಿಂದಲೇ ತೂತುಗಳಿದ್ದವು.

ಚಿಗವ್ವನ ಎಡಗಿವಿ ಮಾಯಿತು. ಬಲಗಿವಿಯೂ ಮಾಯ್ದಂತೆಯೇ ಕಂಡಿತು. ಕೆಲವು ತಿಂಗಳ ನಂತರ ತೂತಿನ ಹತ್ತಿರ ಸಾಸಿವೆಯಷ್ಟು ಗಂಟು ಎದ್ದಿತು. ಅದು ಕಡಲೆಕಾಳಿನಷ್ಟಾಗಿ, ತೂತನ್ನು ದಾಟಿ ಕಿವಿಯ ಹಿಂದಕ್ಕೂ ಹರಡಿತು. ನುಣುಪಾಗಿ ಹೊಳೆಯುತ್ತಿತ್ತು, ತುರಿಸುತ್ತಿತ್ತು. ಎಡಗಿವಿಗೆ ಮಾತ್ರ ಬುಗುಡಿ ಹಾಕಿಕೊಂಡು ಹೊರಬಂದ ಸೊಸೆಯನ್ನು ಆಯಿ ನೋಡಿದಳು. "ಒಂದ ಎತ್ತು ಹೂಡಿದ ಚಕ್ಕಡಿ ಹಂಗ ಕಾಣಸ್ತೀ ನೋಡು," ಎಂದಳು.

ಅವ್ವ ಔಷಧದ ಹೊಣೆ ಹೊತ್ತಳು. ಹಿಂದೊಮ್ಮೆ ಈಳಿಗೆ ತಾಗಿ ಅವಳ ಮುಂಗೈ ಕೊಯ್ದಿತ್ತು. ಆ ಗಾಯದ ಕಲೆ ಕೆಂಪಗೆ ಉಬ್ಬಿ, ವರುಷ ಕಳೆಯುವುದರೊಳಗೆ ಚಪ್ಪಟೆಯಾಗಿತ್ತು. ಕೊಬ್ಬರಿ ಎಣ್ಣೆ ತಿಕ್ಕಿದ್ದರಿಂದಲೇ ಹಾಗಾಯಿತೆಂದು ಅವಳ ನಂಬಿಕೆ. ಚಿಗವ್ವನ ಕಿವಿಗೂ ಅದೇ ಎಣ್ಣೆ ನಡೆಯಿತು. ಗಂಟು ಇಳಿಯಲಿಲ್ಲ. ಆಗ ಅವ್ವ ಮನೆಯ ಸೀರೆಮಗ್ಗದ ಕಡೆ ನೋಡಿದಳು. ನರಹುಲಿಗೆ ಕೂದಲು ಕಟ್ಟುವಂತೆ ಗಂಟಿನ ಬುಡಕ್ಕೆ ರೇಷ್ಮೆ ಎಳೆ ಸುತ್ತಿ ಬಿಗಿದಳು.

"ಉದುರತೈತಿ ತಡಿ ತಂಗಿ."

"ಗಂಟು ಉದುರತೈತೋ ಕಿವಿನ ಉದುರತೈತೋ ಯಕ್ಕಾ?"

ಎರಡೂ ಉದುರಲಿಲ್ಲ. ಎಳೆ ಚರ್ಮವನ್ನು ಕೊಯ್ದು ಕೀವಾಯಿತು. ಆ ಹುಣ್ಣು ಮಾಯ್ದ ಮೇಲೆ ಗಂಟು ಬೆಳೆದು ಅಡಿಕೆಯಷ್ಟಾಯಿತು. ನೆಗೆಣ್ಣಿಯಾದ ಅವ್ವ ಬುಗುಡಿಯ ಆಸೆಗೆ ಹೀಗೆ ಮಾಡಿದಳೆಂದು ಚಿಗವ್ವ ಹಿತ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದಳು. ಅವ್ವ ಎರಡು ದಿನ ರೊಟ್ಟಿ ಬಡಿಯಲಿಲ್ಲ. ಎರಡೂ ಕಿವಿಗೆ ಬುಗುಡಿ ಇಡಲು ಮರುವರುಷದ ದೀಪಾವಳಿಯವರೆಗೆ ಕಾಯುವುದಾಗಿ ಆಯಿ ಗಡುವು ಕೊಟ್ಟಳು.

ನಾನಾಗ ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದೆ. ಅವ್ವ, ಚಿಗವ್ವ ಇಬ್ಬರೂ ಹುನಗುಂದದ ಮೇಲೆ ಹಾದು ಬರುವ ಬಸ್ಸಿನಲ್ಲಿ ಬಂದಿಳಿದರು. ಮಾತು ಬಿಟ್ಟಿದ್ದರೂ ಒಂದೇ ಸೀಟಿನಲ್ಲಿ ಕೂತು ಬಂದಿದ್ದರು. ಅವರನ್ನು ಚರ್ಮದ ಡಾಕ್ಟರ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ಗಂಟನ್ನು ಒತ್ತಿ ನೋಡಿದರು. "ಇದಕ್ಕ ಕೆಲಾಯ್ಡ್ ಅಂತಾರ್ರಿ. ಕ್ಯಾನ್ಸರ್ ಅಲ್ಲ, ಅಂಟೂದೂ ಇಲ್ಲ. ಕೆಲವರ ಚರ್ಮದ ಗುಣ. ಗಾಯ ಮಾಯ್ದ ಮ್ಯಾಲೂ ಬೆಳಿಯೂದು ನಿಲ್ಲಸೂದಿಲ್ಲ."

ಅವ್ವ ಮುಂಗೈ ಚಾಚಿದಳು. "ನಂದೂ ಉಬ್ಬಿತ್ರಿ. ಎಣ್ಣಿ ತಿಕ್ಕಿದ್ನಿ, ಹೋತು."

"ನಿಮ್ಮದು ಗಾಯದ ಗಡಿಯೊಳಗ ಉಬ್ಬಿ ಗಡಿಯೊಳಗ ಇಳದೈತಿ. ಇವರದು ಪಕ್ಕದ ಹೊಲಕ್ಕ ಒತ್ತುವರಿ ಮಾಡೈತಿ."

"ಹಂಗಾರ ನನ್ನ ಎಣ್ಣಿ?"

"ಹೆಂಗೂ ಇಳಿಯೂದಿತ್ರಿ. ನೀವು ಎಣ್ಣಿ ಹಚ್ಚಗೋಂತ ಕೂತಿದ್ರಿ."

ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ರೇಷ್ಮೆ ಎಳೆಯ ಸಂಗತಿ ಹೊರಬಂದಾಗ ಡಾಕ್ಟರು ನಗಲಿಲ್ಲ. ಪ್ರತಿ ಹೊಸ ಗಾಯದಿಂದಲೂ ಗಂಟು ಹೆಚ್ಚು ಬೆಳೆಯಬಹುದು, ಬರೀ ಕೊಯ್ದು ತೆಗೆದರೂ ಬಹಳ ಸಲ ಮರಳಿ ಬರುತ್ತದೆ ಎಂದರು. ತಿಂಗಳಿಗೊಮ್ಮೆ ಗಂಟಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್, ಕುಗ್ಗಿದ ಮೇಲೆ ಉಳಿದದ್ದನ್ನು ಕೊಯ್ಯುವುದು, ಮತ್ತೆ ಇಂಜೆಕ್ಷನ್ ಎಂದು ತಿಳಿಸಿ, "ಇನ್ನ ಮ್ಯಾಲೆ ಎಲ್ಲೂ ತೂತು ಹಾಕಸಬ್ಯಾಡ್ರಿ," ಎಂದರು.

ಚಿಗವ್ವನ ಮುಖ ಬಾಡಿತು. ಬುಗುಡಿ ಕೈಬಿಟ್ಟಿತೆಂದು ಅವ್ವನಿಗೂ ಅನ್ನಿಸಿರಬೇಕು. ಚಿಗವ್ವನ ಬೆನ್ನು ಸವರಿದಳು.

"ಕೊಯ್ದು ಗಾಯ ಮಾಯ್ದ ಮ್ಯಾಲೆ ಆ ಜಾಗಾನ ಒತ್ತಿ ಹಿಡಿಯೂವಂಥಾದ್ದು ಏನಾರ ಹಾಕ್ಕೋಬೇಕು," ಎಂದು ಡಾಕ್ಟರು ಮುಂದುವರಿಸಿದರು. "ಹಗಲೂ ರಾತ್ರಿ, ತಿಂಗಳಗಟ್ಟಲೆ."

"ಬುಗುಡಿ ನಡೀತೈತೇನ್ರಿ?" ಚಿಗವ್ವ ಕೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ತೂತಿಲ್ಲದ ಬುಗುಡಿ ಇರತಾವೇನು?"

"ಮಾಡಿಸಿದ್ರ ಇರತಾವ್ರಿ."

ಇಂಜೆಕ್ಷನ್ನುಗಳು ನಡೆದವು. ಮೊದಲನೆಯದಕ್ಕೆ ಚಿಗವ್ವ ಕಿರಿಚಿದ್ದು ರಸ್ತೆಯವರೆಗೆ ಕೇಳಿತು. ತುರಿಕೆ ನಿಂತಿತು, ಗಂಟು ಮೆತ್ತಗಾಯಿತು. ಉಳಿದದ್ದನ್ನು ಕೊಯ್ದು ತೆಗೆದರು. ಪತ್ತಾರರು ಬಲಗಿವಿಯ ಬುಗುಡಿಯ ತಿರುಪು ತೆಗೆದು, ಹಿಂದೆ ಮುಂದೆ ಚಪ್ಪಟೆ ಬಿಲ್ಲೆ ಕೂರಿಸಿ, ಒತ್ತಿ ಹಿಡಿಯುವ ಚಿಮಟಿಯಂತೆ ಮಾಡಿಕೊಟ್ಟರು. ಚರ್ಮ ಬಿಳಿಚಿಕೊಳ್ಳುವಷ್ಟು ಬಿಗಿಯಾಗಿದೆ ಎಂದು ಡಾಕ್ಟರು ಒಮ್ಮೆ ಸಡಿಲ ಮಾಡಿಸಿದರು.

ದೀಪಾವಳಿಯ ಗಡುವು ಎಂದೋ ಮುಗಿದಿತ್ತು. ಆಯಿ ಕೇಳಿದಳು: "ಮಲಗುವಾಗರೆ ತಗೀಬಾರದ?"

"ಡಾಕ್ಟರ್ ತಗೀಬ್ಯಾಡ ಅಂದಾರ್ರಿ ಅತ್ತಿ."

"ಖರೆ ಅಂದಾರ," ಎಂದಳು ಅವ್ವ. "ನಾ ಕೇಳೇನಿ."

ಒಂದು ವರುಷದ ನಂತರ ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಗಂಟು ಮತ್ತೆ ಎದ್ದಿತು. ಇನ್ನೆರಡು ಇಂಜೆಕ್ಷನ್ ಕೊಟ್ಟರು. 1986ರಲ್ಲಿ ನಾನು ನೋಡಿದಾಗ ಗಂಟು ಅಷ್ಟೇ ಇತ್ತು, ಬುಗುಡಿಯೂ ಅವಳ ಕಿವಿಯಲ್ಲೇ ಇತ್ತು.