ಗೋದಮ್ಮ ಕೊಡಿಸಿದ ನೋಟೀಸು

ಮದ್ದೂರಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಗೋದಮ್ಮನನ್ನು ಕಂಡರೆ ಯಾರಿಗೂ ಅಷ್ಟಾಗಿ ಆಗುತ್ತಿರಲಿಲ್ಲ. ಗುಂಡಿಯ ಕಾಜ ವಾರೆಯಾಗಿದ್ದರೆ ಹುಡುಗಿಯರ ಎದುರೇ ಅದನ್ನು ಬಿಚ್ಚಿ ಹಾಕಿ, "ಮತ್ತೆ ಹೊಲಿ" ಎನ್ನುತ್ತಿದ್ದಳು. ನಗು ಕಡಿಮೆ, ಮಾತು ಖಾರ. ಮಳವಳ್ಳಿಗೆ ಮದುವೆಯಾಗಿ ಹೋದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ. ಅಲ್ಲಿಂದ ವಾಪಸು ಬಂದವಳು ಅಣ್ಣ ಶ್ಯಾಮಣ್ಣನ ಮನೆ ಸೇರಿ ಇಪ್ಪತ್ತು ವರ್ಷ ದಾಟಿತ್ತು. ಶ್ಯಾಮಣ್ಣ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಗೋದಮ್ಮನ ಸಂಬಳ ಒಂದನೇ ತಾರೀಖು ನೇರವಾಗಿ ಅವನ ಕೈಗೆ ಹೋಗುತ್ತಿತ್ತು. ಅವಳು ಮಲಗುತ್ತಿದ್ದುದು ಮನೆಯೊಳಗೆ ಉಗ್ರಾಣದ ಪಕ್ಕದ ಇಕ್ಕಟ್ಟು ಓಣಿಯಲ್ಲಿ. ಬೆಳಗಿನ ಮುಸುರೆ ತಿಕ್ಕಿ, ಅಡುಗೆಗೆ ಇಟ್ಟು, ಆಮೇಲೆ ಸ್ಕೂಲು. ಅತ್ತಿಗೆ ಪಂಕಜಮ್ಮ ಬಂದವರೆದುರು, "ಪಾಪ, ನಮ್ಮ ಆಸರೆಯಲ್ಲಿದ್ದಾಳೆ" ಎನ್ನುವುದನ್ನು ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು.

ಎಪ್ಪತ್ತಾರನೇ ಇಸವಿಯಲ್ಲಿ ಬೆಸಗರಹಳ್ಳಿಯ ಕಂಟ್ರಾಕ್ಟರ್ ಸಿದ್ದರಾಜು ಮಂಡ್ಯದಲ್ಲಿ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿ ಫ್ಲಾಟುಗಳನ್ನು ಮಾರುತ್ತಾನೆ ಎಂಬ ಸುದ್ದಿ ಹಬ್ಬಿತು. ಸೇತುವೆ, ಸ್ಕೂಲು ಕಟ್ಟಡಗಳ ಕಂಟ್ರಾಕ್ಟು ಮಾಡಿಕೊಂಡಿದ್ದ ಆಸಾಮಿ ಅವನು. ನೆಲವಿಲ್ಲದ ಮನೆ ಯಾರು ಕೊಳ್ಳುತ್ತಾರೆಂದು ಊರವರು ನಕ್ಕರು. ಗೋದಮ್ಮ ನಗಲಿಲ್ಲ. ಒಂದು ಭಾನುವಾರ ಒಬ್ಬಳೇ ಪ್ಯಾಸೆಂಜರ್ ರೈಲು ಹತ್ತಿ ಹೋಗಿ ಜಾಗ ನೋಡಿಕೊಂಡು ಬಂದಳು. ಕಟ್ಟಿ ಮುಗಿಸಿದ ಮೇಲೆ ಒಂದು ರೂಮು, ಒಂದು ಅಡುಗೆಮನೆ, ಒಳಗೇ ನಲ್ಲಿ, ಬಾಗಿಲಿಗೆ ತನ್ನದೇ ಬೀಗ. ಸತ್ತ ಗಂಡನ ಕಡೆಯ ಬಳೆಗಳನ್ನು ಮಾರಿದಳು. ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದಳು. ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೂರು ಕಂತಿನಲ್ಲಿ ಕಟ್ಟಿದಳು. ಕರಾರು ಪತ್ರಕ್ಕೆ ಸಾಕ್ಷಿ ಬೇಕಿತ್ತು. ಶ್ಯಾಮಣ್ಣ ಮುಖ ಗಂಟು ಹಾಕಿಕೊಂಡೇ ರುಜು ಹಾಕಿದ.

ಎಪ್ಪತ್ತೇಳರ ಡಿಸೆಂಬರ್ ಕೊನೆಯೊಳಗೆ ಮನೆಯನ್ನು ಸ್ವಾಧೀನಕ್ಕೆ ಕೊಡುತ್ತೇನೆ, ತಪ್ಪಿದರೆ ಪಡೆದ ಹಣವನ್ನು ಪಡೆದ ದಿನದಿಂದ ನೂರಕ್ಕೆ ಒಂಬತ್ತರಂತೆ ಬಡ್ಡಿ ಸೇರಿಸಿ ಹಿಂದಿರುಗಿಸುತ್ತೇನೆ ಎಂದು ಸಿದ್ದರಾಜು ಬರೆದುಕೊಟ್ಟಿದ್ದ. ಡಿಸೆಂಬರ್ ಬಂತು, ಹೋಯಿತು. ಸಿಮೆಂಟು ಸಿಗುತ್ತಿಲ್ಲ ಎಂದ. ಗಾರೆಯವರು ಕೈಕೊಟ್ಟರು ಎಂದ. ಮರು ವರ್ಷ ಗೋದಮ್ಮ ಹೋಗಿ ಕೇಳಿದಾಗಲೆಲ್ಲ "ಉಗಾದಿ ಕಳೀಲಿ", "ಗೌರಿ ಅಬ್ಬ ಕಳೀಲಿ" ಎಂದು ಸಾಗಹಾಕಿದ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವಳು ಕೇಳುವುದನ್ನು ನಿಲ್ಲಿಸಿ, ಕರಾರು ಪತ್ರ, ರಸೀತಿಗಳನ್ನು ಚೀಲಕ್ಕೆ ಹಾಕಿಕೊಂಡು ಮಂಡ್ಯದ ಕೋರ್ಟಿನ ಹತ್ತಿರ ಆಫೀಸಿಟ್ಟುಕೊಂಡಿದ್ದ ವಕೀಲ ವೆಂಕಟೇಶಮೂರ್ತಿಯವರ ಎದುರು ಕೂತಳು.

ಅವರು ಎಲ್ಲವನ್ನೂ ಓದಿ ಕೇಳಿದರು. "ನಿಮಗೆ ಮನೆ ಬೇಕೋ, ದುಡ್ಡು ಬೇಕೋ? ಯೋಚನೆ ಮಾಡಿ ಹೇಳಿ. ಕರಾರು ರದ್ದಾಯ್ತು, ಹಣ ವಾಪಸು ಕೊಡು ಅಂತ ನೋಟೀಸು ಕೊಟ್ಟಮೇಲೆ ಮತ್ತೆ ಮನೆ ಕೊಡು ಅಂತ ಕೇಳೋಕಾಗಲ್ಲ."

"ಅವನು ಕಟ್ಟಿದ ಗೋಡೆ ಮಧ್ಯೆ ನಾನು ನಿದ್ದೆ ಮಾಡಲಾರೆ. ದುಡ್ಡು ಕೊಡಿಸಿ. ಬಡ್ಡಿ ಸಮೇತ," ಎಂದಳು ಗೋದಮ್ಮ.

ವಕೀಲರು ನೋಟೀಸು ಟೈಪು ಮಾಡಿಸಿದರು. ಕರಾರಿನ ದಿನ, ಕಂತು ಕಟ್ಟಿದ ದಿನಗಳು, ಮನೆ ಕೊಡಬೇಕಿದ್ದ ದಿನ, ಕೊಡದೇ ಇರುವುದು. ಹದಿನೈದು ದಿನದೊಳಗೆ ಅಸಲು ಬಡ್ಡಿ ಕೊಡದಿದ್ದರೆ ದಾವಾ ಹೂಡಲಾಗುವುದು, ಖರ್ಚಿಗೆ ತಾವೇ ಹೊಣೆ. ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ಹೋಯಿತು. ಅಂಚೆಗೆ ಹಾಕಿದ್ದಕ್ಕೆ ಪೋಸ್ಟಾಫೀಸಿನ ಸರ್ಟಿಫಿಕೇಟು ಪಡೆದು ಸಾದಾ ಅಂಚೆಯಲ್ಲಿ ಇನ್ನೊಂದು ಪ್ರತಿ ಕಳಿಸಿದರು.

ರಿಜಿಸ್ಟರ್ ಲಕೋಟೆ ವಾರದೊಳಗೆ ಹಿಂದಿರುಗಿತು. ಮೇಲೆ ಪೋಸ್ಟ್‌ಮ್ಯಾನ್ ಬರೆದಿದ್ದ: ಪಡೆಯಲು ನಿರಾಕರಿಸಿದ್ದಾರೆ. ಹಾಗಾದರೆ ಅವನಿಗೆ ತಲುಪಲೇ ಇಲ್ಲವೇ ಎಂದು ಗೋದಮ್ಮ ಕೇಳಿದಳು. ವಕೀಲರು ಲಕೋಟೆಯನ್ನು ಒಡೆಯದೆ ಫೈಲಿನಲ್ಲಿಟ್ಟರು. "ಬೇಡ ಅಂದರೂ ತಲುಪಿದ ಹಾಗೇ ಲೆಕ್ಕ. ಜಡ್ಜರ ಮುಂದೆ ಹೀಗೇ ಮುಚ್ಚಿದ್ದನ್ನ ಇಡ್ತೀನಿ. ಅದೂ ಅಲ್ಲದೆ ಸಾದಾ ಕಾಗದವನ್ನ ಅವನು ಓದಿರ್ತಾನೆ, ನೋಡ್ತಿರಿ."

ಓದಿದ್ದ. ಮೂರನೇ ದಿನ ಸ್ಕೂಲು ಬಿಡುವ ಹೊತ್ತಿಗೆ ಸಿದ್ದರಾಜು ಗೇಟಿನ ಹತ್ತಿರ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ.

"ಏನ್ ಟೀಚರಮ್ಮ, ಲಾಯರ್ ಕೈಲಿ ನೋಟೀಸ್ ಕಳ್ಸೋವಷ್ಟು ದೊಡ್ಡೋರಾಗ್ಬುಟ್ರಾ? ನಾನೇನು ಓಡೋಗಿದ್ನಾ?"

"ಓಡಿಹೋಗಿಲ್ಲ. ಓಡಾಡಿಸಿದ್ದೀರಿ."

ಅವನು ಜೇಬಿನಿಂದ ಒಂದು ಬೀಗದ ಕೈ ತೆಗೆದು ಅವಳ ಕಾಲ ಬಳಿ ಎಸೆದ. "ತಗಳಿ. ಮನೆ ಕೊಟ್ಟಿವ್ನಿ. ಇನ್ನು ದುಡ್ಡೂ ಇಲ್ಲ, ಬಡ್ಡೀನೂ ಇಲ್ಲ. ಊರೆಲ್ಲ ನೋಡ್ಕಳ್ಳಿ, ಕೊಟ್ಟಿವ್ನಿ!"

ಗೋದಮ್ಮ ಅದನ್ನು ಮುಟ್ಟಲಿಲ್ಲ. ಅವನು ಹೊರಟ ಮೇಲೆ ಸ್ಕೂಲಿನ ಆಯಾ ಹೊಂಬಾಳಮ್ಮ ಎತ್ತಿ ಕೊಡಲು ಬಂದಾಗ, "ಬೇಡ, ಮುಟ್ಟಬೇಡ" ಎಂದು ಗದರಿಸಿ, ಅವಳನ್ನೇ ಜೊತೆಗೆ ಕರೆದುಕೊಂಡು ಮರುದಿನ ಮಂಡ್ಯಕ್ಕೆ ಹೋದಳು. ಎರಡನೇ ಅಂತಸ್ತಿನ ತನ್ನ ಫ್ಲಾಟಿಗೆ ಬಾಗಿಲೇ ಇರಲಿಲ್ಲ. ಬರೀ ಚೌಕಟ್ಟು. ನಲ್ಲಿಯಿರಬೇಕಾದ ಕಡೆ ಗೋಡೆಯಲ್ಲಿ ತೂತು, ಕರೆಂಟಿನ ವೈರು ಇಲ್ಲ, ಕಕ್ಕಸಿನ ಜಾಗದಲ್ಲಿ ಇಟ್ಟಿಗೆ ರಾಶಿ. ಹೊಂಬಾಳಮ್ಮ ಬಾಯಿಗೆ ಸೆರಗು ಇಟ್ಟುಕೊಂಡು, "ಇದ್ಯಾವ್ ಬೀಗದ ಕೈ ಅವ್ವಾ ಅವ್ನು ಕೊಟ್ಟಿದ್ದು?" ಎಂದಳು. ಗೋದಮ್ಮನ ಕಣ್ಣಲ್ಲಿ ನೀರು ಬಂತು. ಅದು ದುಃಖದ್ದಲ್ಲ, ಸಿಟ್ಟಿನದು.

ವಕೀಲರು ಅಂದೇ ಎರಡನೇ ಕಾಗದ ಬರೆದರು. ಅವಧಿ ಮುಗಿದಿದೆ, ಮನೆ ವಾಸಕ್ಕೆ ತಕ್ಕುದಾಗಿಲ್ಲ, ಆದ್ದರಿಂದ ನನ್ನ ಕಕ್ಷಿದಾರರು ಬೇಡವೆಂದದ್ದು ನ್ಯಾಯವಾಗಿಯೇ ಇದೆ ಎಂದು. "ಅವನ ಉಪಾಯ ಇದೇ," ಎಂದು ಅವಳಿಗೆ ವಿವರಿಸಿದರು. "ಕೊಟ್ಟೆ, ಅವಳೇ ವಿನಾಕಾರಣ ಬೇಡ ಅಂದಳು ಅಂತ ತೋರಿಸೋದು. ಮುಂಗಡ ಕೊಟ್ಟವರ ಹಣಕ್ಕೆ ಆ ಆಸ್ತಿ ಮೇಲೇ ಹಕ್ಕಿರುತ್ತೆ. ಕೊಳ್ಳೋರು ಸುಮ್ಮಸುಮ್ಮನೆ ಸ್ವಾಧೀನ ಬೇಡ ಅಂದರೆ ಮಾತ್ರ ಆ ಹಕ್ಕು ಹೋಗುತ್ತೆ."

ಇನ್ನು ಬೇರೆ ದಾರಿ ಕಾಣದೆ ಸಿದ್ದರಾಜು ರಾಜಿಗೆಂದು ವಕೀಲರ ಆಫೀಸಿಗೇ ಬಂದ. ಒಬ್ಬನೇ ಬರಲಿಲ್ಲ. ಶ್ಯಾಮಣ್ಣನನ್ನು ಮೋಟಾರ್ ಸೈಕಲಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ವಕೀಲರು ಕರೆಸಿ ಕೂರಿಸಿದ್ದ ಗೋದಮ್ಮ ಅಣ್ಣನನ್ನು ನೋಡಿ ಕುರ್ಚಿಯಿಂದ ಏಳಲಿಲ್ಲ.

"ಗೋದು, ನೋಟೀಸು ವಾಪಸು ತಗೋ," ಎಂದ ಶ್ಯಾಮಣ್ಣ. "ನಾಲ್ಕು ಜನರ ಬಾಯಿಗೆ ಬೀಳ್ತಿದೀವಿ. ಸಾಕ್ಷಿ ಹಾಕಿದವನು ನಾನು. ನನ್ನನ್ನೂ ಕೋರ್ಟಿಗೆ ಎಳೀತಾರೆ."

"ಎಳೀಲಿ. ಕಂಡದ್ದು ಹೇಳು."

"ಕರಾರಿನ ದಿನ ದಾಟಿಹೋಗಿ ಒಂದೂವರೆ ವರ್ಷ ಆಯ್ತಲ್ಲ, ಏನು ಹೇಳ್ತೀರಿ?" ಎಂದು ವಕೀಲರು ಸಿದ್ದರಾಜುವನ್ನು ಕೇಳಿದರು.

ಸಿದ್ದರಾಜುವಿನ ಮುಖ ಕೆಂಪಾಯಿತು. "ನನ್ನೊಬ್ಬನ್ನೇ ಯಾಕ್ ಇಡ್ಕತೀರಿ ಸ್ವಾಮಿ? ನಿಧಾನ ಮಾಡು ಅಂದೋರು ಇವ್ರೇ. 'ಅವಳಿಗೇನು ಅರ್ಜೆಂಟಿಲ್ಲ, ಕಾದು ಕಾದು ಅವಳೇ ಸುಮ್ಕಾಯ್ತಾಳೆ, ಬುಡು' ಅಂತ ತಾಲ್ಲೂಕಾಪೀಸ್ ಕ್ಯಾಂಟೀನ್ನಾಗೆ ಕುಂತ್ಕಂಡು ಯೋಳಿಲ್ವಾ, ಶ್ಯಾಮಣ್ಣೋರೆ? ಈಗ ಬಾಯಿ ಮುಚ್ಕಂಡ್ರೆ ಎಂಗೆ?"

ಗೋದಮ್ಮ ಅಣ್ಣನ ಕಡೆ ತಿರುಗಿದಳು.

"ಹೌದಾ?"

"ನಿನ್ನ ಒಳ್ಳೇದಕ್ಕೇ ಹೇಳಿದೆ. ಒಂಟಿ ಹೆಂಗಸು, ಪರಸ್ಥಳದಲ್ಲಿ..."

"ನನ್ನ ಸಂಬಳ ನಿನ್ನ ಮನೆ ಬಿಟ್ಟು ಹೋಗಬಾರದು ಅಂತ ಹೇಳಿದೆ. ಪಾತ್ರೆ ತೊಳೆಯೋಳು ಸಿಗಲ್ಲ ಅಂತ ಹೇಳಿದೆ. ಅಷ್ಟಾದರೂ ಬಾಯಿಬಿಟ್ಟು ಒಪ್ಪಿಕೋ."

"ನಾಲಿಗೆ ಬಿಗಿ ಹಿಡಿ ಕಣೇ! ಇಪ್ಪತ್ತು ವರ್ಷ ಅನ್ನ ಹಾಕಿದ್ದೀನಿ."

"ಆ ಅನ್ನಕ್ಕೆ ಅಕ್ಕಿ ತಂದವಳು ನಾನು. ಬೇಯಿಸಿದವಳೂ ನಾನೇ."

ಶ್ಯಾಮಣ್ಣ ಎದ್ದು ಹೊರಗೆ ಹೋದ. ಸಿದ್ದರಾಜುವಿಗೆ ತನ್ನ ಮಾತು ಫಲಿಸಿತೆನಿಸಿತು. "ನೋಡಿ ಲಾಯರ್ರೇ, ಅವ್ರ ಕಡೆಯೋರೇ ಟೈಮ್ ಕೊಟ್ಟವ್ರೆ. ನಂದೇನ್ ತಪ್ಪು?" ಎಂದ.

ವಕೀಲರು ಕರಾರು ಪತ್ರ ತಿರುಗಿಸಿ ಬೆರಳಿಟ್ಟರು. ಅವಧಿ ಮುಂದಕ್ಕೆ ಹಾಕಬೇಕಾದರೆ ಎರಡೂ ಪಕ್ಷದವರು ಬರಹದಲ್ಲಿ ಒಪ್ಪಿ ರುಜು ಮಾಡಬೇಕು ಎಂದಿತ್ತು. "ಶ್ಯಾಮಣ್ಣ ಸಾಕ್ಷಿ ಅಷ್ಟೇ, ಪಕ್ಷದವರಲ್ಲ. ಗೋದಮ್ಮನವರು ಎಲ್ಲಿ ರುಜು ಮಾಡಿದ್ದಾರೆ, ತೋರಿಸಿ. ಕಟ್ಟಿದ ಹಣ ಎಲ್ಲಿ ಹೋಯ್ತು ಅನ್ನೋದನ್ನೂ ಕೋರ್ಟಲ್ಲಿ ಹೇಳಬೇಕಾಗುತ್ತೆ."

ಹಣ ಸಿದ್ದರಾಜುವಿನ ಮತ್ತೊಂದು ಕೆಲಸದ ಹೊಟ್ಟೆಗೆ ಹೋಗಿತ್ತು. ದುದ್ದದ ಕಡೆ ಹಿಡಿದಿದ್ದ ಸೇತುವೆಯ ಬಿಲ್ಲು ಇನ್ನೂ ಪಾಸಾಗಿರಲಿಲ್ಲ. ಶ್ಯಾಮಣ್ಣನ ಮಾತು ಅವನಿಗೆ ಒಳ್ಳೆಯ ನೆಪವಾಗಿ ಸಿಕ್ಕಿತ್ತಷ್ಟೆ. ದನಿ ತಗ್ಗಿಸಿ ಕೇಳಿದ: "ಅಸ್ಲು ಕೊಟ್ಬುಡ್ತೀನಿ, ಬಡ್ಡಿ ಬುಟ್ಬುಡಿ ಗೋದಮ್ಮೋರೆ. ನಾನೂ ಎಂಡ್ತಿ ಮಕ್ಕಳೋನು."

ವಕೀಲರೂ ಅವಳ ಮುಖ ನೋಡಿದರು. ದಾವಾ ಹೂಡಿದರೆ ಎಷ್ಟು ವರ್ಷವೋ, ಅಸಲು ಕೈಗೆ ಬಂದರೆ ಸಾಕಲ್ಲವೇ ಎಂದು ಮೆಲ್ಲಗೆ ಹೇಳಿದರು.

"ಈ ಎರಡು ಮೂರು ವರ್ಷ ನಾನು ಆ ಓಣಿಯಲ್ಲಿ ಮಲಗಿದ್ದೀನಿ," ಎಂದಳು ಗೋದಮ್ಮ. "ಅದಕ್ಕೆ ಸಲ್ಲೋ ಬಡ್ಡೀನ ಬಿಡೋಕೆ ನನ್ನಿಂದ ಆಗಲ್ಲ. ದಾವಾ ಬರೆಸಿ."

ಸಿದ್ದರಾಜು ಕುರ್ಚಿಯನ್ನು ಹಿಂದಕ್ಕೆ ದಬ್ಬಿ ಎದ್ದ. "ದಾವಾ ಆಕ್ಕಳಿ, ಆಕ್ಕಳಿ! ಕೋರ್ಟ್ ಮೆಟ್ಲು ಸವೀಲಿ!" ಎಂದು ಕೂಗುತ್ತ ಹೋದ.

ದಾವಾ ಹೂಡುವ ಅಗತ್ಯ ಬರಲಿಲ್ಲ. ಆ ಕಟ್ಟಡವನ್ನು ಪೂರ್ತಿ ಕೊಳ್ಳಲು ಒಂದು ಸಹಕಾರ ಸಂಘ ಮುಂದೆ ಬಂದಿತ್ತು. ಅದರ ಕಾರ್ಯದರ್ಶಿ ಮರಿಸಿದ್ದಯ್ಯನವರಿಗೆ ವಕೀಲರು ನೋಟೀಸಿನ ಪ್ರತಿಯನ್ನು ಕಳಿಸಿ, ಈ ಆಸ್ತಿಯ ಮೇಲೆ ನನ್ನ ಕಕ್ಷಿದಾರರ ಹಣದ ಹೊಣೆ ಇದೆ, ತಿಳಿದೂ ಕೊಂಡರೆ ಆ ಹೊಣೆ ನಿಮ್ಮ ಬೆನ್ನಿಗೂ ಬರುತ್ತದೆ ಎಂದು ತಿಳಿಸಿದರು. ಮರಿಸಿದ್ದಯ್ಯ ಸಿದ್ದರಾಜುವನ್ನು ಕರೆಸಿ, "ಆ ಯಮ್ಮನ ದುಡ್ಡು ತೀರ್ಸಿ ರಸೀತಿ ತಕ್ಕಂಡು ಬಾ, ಆಮ್ಯಾಕೆ ಮಾತು" ಎಂದುಬಿಟ್ಟರು.

ಆಗಸ್ಟಿನಲ್ಲಿ ಅಸಲು ಬಡ್ಡಿ ಎರಡೂ ಸೇರಿದ ಬ್ಯಾಂಕ್ ಡ್ರಾಫ್ಟು ವಕೀಲರ ಮೇಜಿನ ಮೇಲೆ ಬಂತು. ಗೋದಮ್ಮ ಎರಡು ಸಲ ಓದಿ, ರಸೀತಿಗೆ ರುಜು ಹಾಕಿದಳು. ಸಿದ್ದರಾಜು ಅದನ್ನು ಕಸಿದುಕೊಂಡು, "ನಿಮ್ಗೆ ಇನ್ನೆಲ್ಲೂ ಮನೆ ಸಿಕ್ಕಲ್ಲ ಕಣಮ್ಮ. ನಾನ್ ನೋಡ್ಕತೀನಿ," ಎಂದ.

"ನೋಡ್ಕೊಳ್ಳಿ," ಎಂದಳು.

ಅವನ ಮಾತು ಅರ್ಧ ನಿಜವಾಯಿತು. ಒಂಟಿ ವಿಧವೆಗೆ, ಅದೂ ಕಂಟ್ರಾಕ್ಟರ್‌ಗೆ ನೋಟೀಸು ಕೊಟ್ಟವಳಿಗೆ, ಮಂಡ್ಯದಲ್ಲಿ ನಾಲ್ಕು ಮನೆಯವರು ಬಾಡಿಗೆಗೆ ಕೊಡಲಿಲ್ಲ. ಐದನೆಯದಾಗಿ, ಮಗನ ಜೊತೆ ತಾನೇ ಜಗಳವಾಡಿಕೊಂಡು ಬೇರೆಯಿದ್ದ ದೇವಿರಮ್ಮ ಎಂಬ ಮುದುಕಿ ತನ್ನ ಹಂಚಿನ ಮನೆಯ ಹಿಂಭಾಗ ಕೊಟ್ಟಳು. "ಬಾಡಿಗೆ ತಪ್ಪಿದ್ರೆ ಸಾಮಾನು ಈಚೆ ಆಕ್ತೀನಿ" ಎಂದು ಮೊದಲ ದಿನವೇ ಎಚ್ಚರಿಸಿದಳು. ಗೋದಮ್ಮನಿಗೆ ಆ ಮಾತು ಹಿಡಿಸಿತು.

ಅಣ್ಣನ ಮನೆ ಬಿಡುವ ದಿನ ಪಂಕಜಮ್ಮ ಟ್ರಂಕಿನ ಮುಚ್ಚಳ ತೆಗೆಸಿ, ಮನೆಯ ಬೆಳ್ಳಿ ಲೋಟ ಏನಾದರೂ ಸೇರಿದೆಯೇ ಎಂದು ನೋಡಿದಳು. ಗೋದಮ್ಮ ನಿಂತು ನೋಡಲು ಬಿಟ್ಟಳು. ಆಮೇಲೆ ಮುಚ್ಚಳ ಹಾಕಿ, ಜಟಕಾದವನನ್ನು ಕರೆದಳು. ಅಂದಿನಿಂದ ಮಂಡ್ಯದಿಂದಲೇ ರೈಲಿನಲ್ಲಿ ಸ್ಕೂಲಿಗೆ ಓಡಾಡಿದಳು. ಮದ್ದೂರಿನ ಸ್ಟೇಷನ್ನಿನಿಂದ ಸ್ಕೂಲಿಗೆ ತಾಲ್ಲೂಕು ಕಚೇರಿ ದಾಟಿಯೇ ಹೋಗಬೇಕು. ಶ್ಯಾಮಣ್ಣ ವರಾಂಡದಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದ. ಅವಳು ತಿರುಗಿಸುತ್ತಿರಲಿಲ್ಲ, ನೇರವಾಗಿ ನೋಡಿಕೊಂಡೇ ಹೋಗುತ್ತಿದ್ದಳು.

ಎರಡು ವರ್ಷದ ಮೇಲೆ ದೇವಿರಮ್ಮ ಆ ಹಿಂಭಾಗವನ್ನೇ ಅವಳಿಗೆ ಕ್ರಯಕ್ಕೆ ಕೊಟ್ಟಳು. ಗೃಹಪ್ರವೇಶಕ್ಕೆ ಹೊಂಬಾಳಮ್ಮ ಬಂದಳು, ವಕೀಲರು ಬಂದರು. ಅಣ್ಣನ ಮನೆಯಿಂದ ಯಾರೂ ಬರಲಿಲ್ಲ. ಗೋದಮ್ಮ ಕರೆದಿರಲೂ ಇಲ್ಲ.